ಹಳೇ ಕಂಪನಿಗೆ ಮರಳುವಾಗ ಗ್ರೇಡ್ ಮೊದಲು, ಸಂಬಳ ಆಮೇಲೆ

2022ರ ಜೂನ್ ತ್ರೈಮಾಸಿಕದ ಲೆಕ್ಕ ಒಪ್ಪಿಸುವಾಗ ಇನ್ಫೋಸಿಸ್, ಹಿಂದಿನ ಹನ್ನೆರಡು ತಿಂಗಳಲ್ಲಿ ತಾವಾಗಿ ಕೆಲಸ ಬಿಟ್ಟು ಹೋದವರ ಪ್ರಮಾಣ ಶೇ. 28.4 ಎಂದು ಹೇಳಿತ್ತು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಆಗ ಪೇಪರ್ ಹಾಕದವರೇ ಅಪರೂಪ ಎನ್ನುವಂತಿತ್ತು. ಹೀಗೆ ಹೋದವರಲ್ಲಿ ಹಲವರು ಈಗ ಹಳೇ ಕಂಪನಿಯ ಬಾಗಿಲು ತಟ್ಟುತ್ತಿದ್ದಾರೆ. ಹೊಸ ಕಡೆ ಪ್ರಾಜೆಕ್ಟ್ ಮುಗಿದಿರುತ್ತದೆ, ಇಲ್ಲವೇ ಹಳೇ ಮ್ಯಾನೇಜರ್ ತಾವೇ ಫೋನ್ ಮಾಡಿ ಕರೆದಿರುತ್ತಾರೆ. ಕಂಪನಿಗೂ ಇದು ಲಾಭವೇ. ಬಂದವರಿಗೆ ಗ್ರಾಹಕರ ಪರಿಚಯವಿರುತ್ತದೆ, ಒಳಗಿನ ವ್ಯವಸ್ಥೆ ಗೊತ್ತಿರುತ್ತದೆ, ಮೊದಲ ವಾರದಿಂದಲೇ ಕೆಲಸ ಸಾಗುತ್ತದೆ.

ಆದರೆ ಹೀಗೆ ಮರಳುವವರು ಹೊಸಬರಂತೆ ಖಾಲಿ ಹಾಳೆಯೊಂದಿಗೆ ಹೋಗುವುದಿಲ್ಲ. ಅವರ ಹೆಸರಿನಲ್ಲಿ ಕಂಪನಿಯಲ್ಲಿ ಆಗಲೇ ಒಂದು ಫೈಲ್ ಇದೆ. ಹೇಗೆ ಬಿಟ್ಟರು, ಯಾವ ಗ್ರೇಡ್‌ನಲ್ಲಿದ್ದರು, ಕೊನೆಯ ಸಂಬಳ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಮರಳುವವರಿಗೆ ಸಿಗುವುದು ಬಹುಪಾಲು ಈ ಫೈಲ್ ಮೇಲೆಯೇ ನಿಂತಿರುತ್ತದೆ. ಹೆಚ್ಚಿನವರು ಮಾತ್ರ ಸಂಬಳವೊಂದನ್ನೇ ಹಿಡಿದು ಚೌಕಾಸಿಗೆ ಕೂರುತ್ತಾರೆ. ನೇಮಕಾತಿಯ ಕೆಲಸವನ್ನು ಹತ್ತಿರದಿಂದ ಕಂಡವಳಾಗಿ ಹೇಳುವುದಾದರೆ, ಹೊರಹೋದ ಬಗೆಯ ಮಾತು ಮೊದಲು ಮುಗಿಯಬೇಕು, ಆಮೇಲೆ ಗ್ರೇಡ್ ತೀರ್ಮಾನವಾಗಬೇಕು, ಸಂಬಳದ ಮಾತು ಕೊನೆಗೆ ಬರಬೇಕು. ಈ ಕ್ರಮ ತಪ್ಪಿದರೆ ಆಗುವ ನಷ್ಟವನ್ನು ಒಳಗೆ ಸೇರಿದ ಮೇಲೆ ತುಂಬಿಕೊಳ್ಳುವುದು ಬಹಳ ಕಷ್ಟ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಅಂಕಿಗಳು ವಿವರಣೆಗಾಗಿ ಹಾಕಿಕೊಂಡವು. ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದ ಹೆಣ್ಣುಮಗಳೊಬ್ಬಳು 2017ರ ಮೇ ತಿಂಗಳಲ್ಲಿ ಬೆಂಗಳೂರಿನ ದೊಡ್ಡ ಐಟಿ ಸೇವಾ ಕಂಪನಿಯೊಂದರ ಟೆಸ್ಟಿಂಗ್ ವಿಭಾಗ ಸೇರಿದಳು. 2021ರ ಡಿಸೆಂಬರ್‌ನಲ್ಲಿ ಬಿಟ್ಟಾಗ ಸೀನಿಯರ್ ಇಂಜಿನಿಯರ್ ಆಗಿದ್ದಳು, ಸಿಟಿಸಿ 12 ಲಕ್ಷ. ಹೊಸ ಕಂಪನಿ 20 ಲಕ್ಷ ಕೊಟ್ಟಿತು, ಈಗ ಅದು 23 ಲಕ್ಷವಾಗಿದೆ. ಅಲ್ಲಿ ಎಂಟು ಜನರ ತಂಡ ನೋಡಿಕೊಳ್ಳುತ್ತಿದ್ದಾಳೆ. ಹಳೇ ಕಂಪನಿಯ ಎಚ್‌ಆರ್ ಈಗ ಕರೆದು, "25 ಲಕ್ಷ ಕೊಡ್ತೀವಿ, ಟೆಕ್ ಲೀಡ್ ಆಗಿ ಬನ್ನಿ, ಸಂದರ್ಶನವೂ ಬೇಡ" ಎಂದಿದ್ದಾರೆ. ಎರಡು ಲಕ್ಷ ಹೆಚ್ಚು, ಪರಿಚಯದ ಜಾಗ, ಸಂದರ್ಶನದ ರಗಳೆಯೂ ಇಲ್ಲ. ಮೇಲ್ನೋಟಕ್ಕೆ ಒಳ್ಳೆಯದೇ.

ಮೊದಲು ಹಳೇ ಫೈಲ್ ವಿಷಯ. ನೌಕರರು ಬಿಡುವಾಗ ಮ್ಯಾನೇಜರ್ ಮತ್ತು ಎಚ್‌ಆರ್ ಸೇರಿ ಕಂಪ್ಯೂಟರ್‌ನಲ್ಲಿ ಒಂದು ನಮೂನೆ ತುಂಬುತ್ತಾರೆ. ಬಿಟ್ಟ ಕಾರಣದ ಜೊತೆಗೆ, ಈ ವ್ಯಕ್ತಿಯನ್ನು ಮತ್ತೆ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಯೂ ಅದರಲ್ಲಿರುತ್ತದೆ. ಉತ್ತರ ಸಾಮಾನ್ಯವಾಗಿ ಮೂರರಲ್ಲಿ ಒಂದು: ತೆಗೆದುಕೊಳ್ಳಬಹುದು, ತೆಗೆದುಕೊಳ್ಳುವಂತಿಲ್ಲ, ಮೇಲಿನವರ ಒಪ್ಪಿಗೆ ಪಡೆದು ತೆಗೆದುಕೊಳ್ಳಬಹುದು. ಇದನ್ನು ಹೊರಟವರಿಗೆ ತೋರಿಸುವ ಪದ್ಧತಿ ಇಲ್ಲ. ಕೊನೆಯ ದಿನ ಕೇಕ್ ಕತ್ತರಿಸಿ, ಫೋಟೋ ತೆಗೆಸಿಕೊಂಡು, ಎಲ್ಲರೊಡನೆ ನಗುನಗುತ್ತಾ ಹೊರಬಂದವರ ಹೆಸರಿನ ಮುಂದೆಯೂ ಮೂರನೆಯ ಉತ್ತರ ಇರಬಹುದು.

ಒಳಗೆ ಏನು ಬರೆದಿದೆ ಎಂದು ಹೊರಗಿನಿಂದ ಊಹಿಸಲು ಕೆಲವು ಸೂಚನೆಗಳಿವೆ. ಹಳೇ ಸಹೋದ್ಯೋಗಿ ನಿಮ್ಮ ಹೆಸರನ್ನು ರೆಫರಲ್‌ನಲ್ಲಿ ಹಾಕಿದ ಕೂಡಲೇ, ಯಾರೂ ಓದುವಷ್ಟು ಹೊತ್ತೂ ಆಗದೆ, ಅರ್ಜಿ ತಿರಸ್ಕೃತವಾದರೆ ಅದು ಮನುಷ್ಯರ ತೀರ್ಮಾನವಲ್ಲ, ದಾಖಲೆಯ ತಡೆ. ಬಿಟ್ಟು ಕೆಲವೇ ತಿಂಗಳಾಗಿದ್ದರೆ, ಇಂತಿಷ್ಟು ಕಾಲ ಕಳೆಯುವವರೆಗೆ ಮರಳುವಂತಿಲ್ಲ ಎಂಬ ಕಂಪನಿಯ ನಿಯಮವೂ ಅಡ್ಡ ಬಂದಿರಬಹುದು. ಸಂದರ್ಶನ ಚೆನ್ನಾಗಿ ಆದ ಮೇಲೂ ಎಚ್‌ಆರ್ ಕಡೆಯಿಂದ "ಅಪ್ರೂವಲ್‌ನಲ್ಲಿದೆ" ಎಂಬ ಮಾತೇ ವಾರಗಟ್ಟಲೆ ಬರುತ್ತಿದ್ದರೆ ಮೂರನೆಯ ಉತ್ತರ ಇರುವ ಸಾಧ್ಯತೆ ಹೆಚ್ಚು. ಹಳೇ ಕೆಲಸದ ವಿಷಯ ಮುಚ್ಚಿಟ್ಟು, ಹೊಸ ಇಮೇಲ್ ವಿಳಾಸದಿಂದ ಅರ್ಜಿ ಹಾಕಿ ನೋಡುವವರಿದ್ದಾರೆ. ಅದು ನಡೆಯುವುದಿಲ್ಲ. ಪ್ಯಾನ್ ಸಂಖ್ಯೆ ಮತ್ತು ಪಿಎಫ್‌ನ ಯುಎಎನ್ ಬದಲಾಗುವುದಿಲ್ಲವಾದ್ದರಿಂದ ಹಳೇ ದಾಖಲೆ ಒಂದಲ್ಲ ಒಂದು ಹಂತದಲ್ಲಿ ಮೇಲೆ ಬರುತ್ತದೆ. ಸಣ್ಣದಾಗಿದ್ದ ಹಳೇ ಬೇಸರ ಆಗ ಸುಳ್ಳು ಮಾಹಿತಿ ಕೊಟ್ಟ ಪ್ರಕರಣವಾಗಿ ದೊಡ್ಡದಾಗುತ್ತದೆ. ಹಳೇ ಎಂಪ್ಲಾಯಿ ನಂಬರ್ ಹಾಕಿಯೇ ಅರ್ಜಿ ಸಲ್ಲಿಸುವುದು ಒಳ್ಳೆಯದು.

ನಮ್ಮ ಉದಾಹರಣೆಯ ಹೆಣ್ಣುಮಗಳಿಗೆ ನೋಟಿಸ್ ಅವಧಿ 90 ದಿನವಿತ್ತು. 45 ದಿನ ಕೆಲಸ ಮಾಡಿ, ಉಳಿದ 45 ದಿನಕ್ಕೆ ಹಣ ಕಟ್ಟಿ ಹೊರಟಿದ್ದಳು. ರಿಲೀವಿಂಗ್ ಲೆಟರ್ ಸಿಕ್ಕಿತ್ತು, ಫುಲ್ ಅಂಡ್ ಫೈನಲ್ ಲೆಕ್ಕವೂ ಮುಗಿದಿತ್ತು. ಕಾಗದದಲ್ಲಿ ಯಾವ ಕುಂದೂ ಇರಲಿಲ್ಲ. ಆದರೆ ಹೊರಟದ್ದು ಗ್ರಾಹಕರಿಗೆ ಹೊಸ ಆವೃತ್ತಿ ಕೊಡಬೇಕಿದ್ದ ಹೊತ್ತಿನಲ್ಲಿ. ಕೆಲಸವೆಲ್ಲ ಮ್ಯಾನೇಜರ್ ತಲೆಮೇಲೆ ಬಿದ್ದಿತ್ತು. ಹೀಗಿರುವಾಗ ಎಚ್‌ಆರ್‌ಗಿಂತ ಮೊದಲು ಆ ಮ್ಯಾನೇಜರ್ ಜೊತೆ ಮಾತಾಡಬೇಕು, ಅದನ್ನು ಮೇಲ್‌ನಲ್ಲಲ್ಲ, ಫೋನ್‌ನಲ್ಲೇ ಮಾಡಬೇಕು.

"ಸರ್, ನಾನು ಹೋದಾಗ ರಿಲೀಸ್ ಅರ್ಧಕ್ಕಿತ್ತು. ದುಡ್ಡು ಕಟ್ಟಿ ಹೋದೆ, ರೂಲ್ಸ್ ಪ್ರಕಾರ ಸರಿ. ಆದ್ರೆ ಅದರಿಂದ ನಿಮಗೆ, ಟೀಮಿಗೆ ಕಷ್ಟ ಆಯ್ತು ಅಂತ ನಂಗೊತ್ತು. ಈಗ ವಾಪಸ್ ಬರೋ ಮಾತು ನಡೀತಿದೆ. ನನ್ನ ಫೈಲಲ್ಲಿ ಏನಾದ್ರೂ ಇದ್ರೆ ಹೇಳಿ ಸರ್, ಮೊದಲೇ ಸರಿಮಾಡ್ಕೋತೀನಿ."

"ಅಂಥದ್ದೇನಿಲ್ಲಮ್ಮ. ಅಪ್ರೂವಲ್ ಬೇಕು ಅಂತ ನಾನೇ ಹಾಕಿದ್ದೆ, ಆಗ ಸಿಟ್ಟಿತ್ತು. ಡೆಲಿವರಿ ಹೆಡ್‌ಗೆ ಒಂದು ಮೇಲ್ ಹಾಕ್ತೀನಿ ಬಿಡು. ಆದ್ರೆ ಮುಂದಿನ ಸಲ ಹಿಂಗೆ ಮಧ್ಯದಲ್ಲಿ ಕೈ ಬಿಡಬೇಡ."

ಇಷ್ಟೇ ಸಾಕು. ಆದದ್ದನ್ನು ಇದ್ದ ಹಾಗೆ ಹೇಳುವುದು, ಅದರಿಂದ ಯಾರಿಗೆ ಏನು ತೊಂದರೆಯಾಯಿತೋ ಅದನ್ನು ಒಪ್ಪಿಕೊಳ್ಳುವುದು, ಫೈಲ್‌ನಲ್ಲಿ ಏನಿದೆ ಎಂದು ನೇರವಾಗಿ ಕೇಳುವುದು. ಇದಕ್ಕಿಂತ ಉದ್ದದ ಸಮಜಾಯಿಷಿ ಕೊಡಲು ಹೋದರೆ ಹಳೇ ಜಗಳಕ್ಕೆ ಮತ್ತೆ ಜೀವ ಬರುತ್ತದೆ. ಎಚ್‌ಆರ್ ಮುಂದೆ ಇನ್ನೊಂದು ಎಚ್ಚರ ಬೇಕು. ಬಿಡುವಾಗ ಎಕ್ಸಿಟ್ ಇಂಟರ್‌ವ್ಯೂನಲ್ಲಿ ನೀವು ಬರೆದುಕೊಟ್ಟ ಕಾರಣ ಅವರ ಬಳಿ ಇರುತ್ತದೆ. ಆಗ "ಬೆಳವಣಿಗೆಗೆ ಅವಕಾಶವಿಲ್ಲ" ಎಂದು ಬರೆದವರು ಈಗ "ಮನೆಯ ಕಾರಣಕ್ಕೆ ಬಿಟ್ಟಿದ್ದೆ" ಎಂದರೆ ಎರಡೂ ಮಾತು ನಂಬಿಕೆ ಕಳೆದುಕೊಳ್ಳುತ್ತವೆ. ಆಗ ಬೆಳವಣಿಗೆಗಾಗಿ ಹೋದೆ, ತಂಡ ನಡೆಸುವುದನ್ನು ಅಲ್ಲಿ ಕಲಿತೆ, ಈಗ ಆ ಕೆಲಸ ಇಲ್ಲಿ ಇದೆ ಎಂದು ಕೇಳಿದ್ದರಿಂದ ಬರುತ್ತಿದ್ದೇನೆ ಎಂದರೆ ಹಳೇ ಕಾರಣವೇ ಮುಂದಿನ ಗ್ರೇಡ್ ಮಾತಿಗೆ ದಾರಿಯಾಗುತ್ತದೆ. ಮಧ್ಯದ ಕಂಪನಿಯನ್ನು ದೂರುವುದಂತೂ ಬೇಡವೇ ಬೇಡ. ನಾಳೆ ನಮ್ಮನ್ನೂ ಹೀಗೇ ದೂರುತ್ತಾರೆ ಎಂದು ಕೇಳಿಸಿಕೊಂಡವರಿಗೆ ಅನಿಸುತ್ತದೆ.

ನೋಟಿಸ್ ಕೊಡದೆ, ಲ್ಯಾಪ್‌ಟಾಪ್ ಕೊರಿಯರ್ ಮಾಡಿ ನಾಪತ್ತೆಯಾದವರ ಕಥೆ ಬೇರೆ. ಅವರ ಹೆಸರಿನ ಮುಂದೆ 'ಅಬ್ಸ್ಕಾಂಡಿಂಗ್' ಎಂದು ಬಿದ್ದಿರುತ್ತದೆ, ರಿಲೀವಿಂಗ್ ಲೆಟರ್ ಇರುವುದಿಲ್ಲ. ಮರಳುವ ಆಸೆ ಇದ್ದರೆ ಕೆಲಸದ ಮಾತಿಗೆ ಮೊದಲು ಬಾಕಿಯ ಮಾತಾಡಬೇಕು. ಎಷ್ಟು ಬಾಕಿ ಎಂದು ಎಚ್‌ಆರ್‌ಗೆ ಬರೆದು ಕೇಳಿ, ಹಣ ಕಟ್ಟಿ, ರಿಲೀವಿಂಗ್ ಲೆಟರ್ ಪಡೆದು, ದಾಖಲೆಯಲ್ಲಿನ ಆ ಪದ ಬದಲಾಯಿತೇ ಎಂಬುದಕ್ಕೆ ಬರಹದ ಉತ್ತರ ತೆಗೆದುಕೊಳ್ಳಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ಆದರೂ ಇದು ಸರಿಹೋಗುವ ಸಂಗತಿ. ಸುಳ್ಳು ಅನುಭವ ಪತ್ರ ಕೊಟ್ಟದ್ದು, ಒಂದೇ ಹೊತ್ತಿಗೆ ಎರಡು ಕಂಪನಿಯಲ್ಲಿ ಸಂಬಳ ತೆಗೆದುಕೊಂಡದ್ದು ಇಂಥ ಕಾರಣಕ್ಕೆ ಹೊರಬಿದ್ದವರಿಗೆ ಮಾತ್ರ ಆ ಬಾಗಿಲು ಸಾಮಾನ್ಯವಾಗಿ ಮತ್ತೆ ತೆರೆಯುವುದಿಲ್ಲ. ಅಲ್ಲಿ ಕಾಲ ಕಳೆಯುವುದಕ್ಕಿಂತ ಬೇರೆ ಕಡೆ ನೋಡುವುದು ಲೇಸು.

ಇನ್ನು ಗ್ರೇಡ್. ದೊಡ್ಡ ಕಂಪನಿಗಳಲ್ಲಿ ಪ್ರತಿ ಗ್ರೇಡ್‌ಗೂ ಸಂಬಳದ ಒಂದು ಬ್ಯಾಂಡ್ ಇರುತ್ತದೆ. ಕೆಳಗಿನ ಮಿತಿ ಇಷ್ಟು, ಮೇಲಿನ ಮಿತಿ ಇಷ್ಟು ಎಂದು. ನಮ್ಮ ಉದಾಹರಣೆಯಲ್ಲಿ ಟೆಕ್ ಲೀಡ್ ಬ್ಯಾಂಡ್ 16ರಿಂದ 26 ಲಕ್ಷ, ಅದರ ಮೇಲಿನ ಟೆಸ್ಟ್ ಮ್ಯಾನೇಜರ್ ಬ್ಯಾಂಡ್ 22ರಿಂದ 36 ಲಕ್ಷ ಎಂದುಕೊಳ್ಳೋಣ. ಎರಡೂ ಬ್ಯಾಂಡ್‌ಗಳು ಒಂದರ ಮೇಲೊಂದು ಹಾಯ್ದಿರುವುದನ್ನು ಗಮನಿಸಿ. 25 ಲಕ್ಷವನ್ನು ಈ ಎರಡು ಗ್ರೇಡ್‌ಗಳಲ್ಲಿ ಯಾವುದರಲ್ಲಾದರೂ ಕೊಡಬಹುದು. ಕೈಗೆ ಬರುವ ಹಣ ಮೊದಲ ವರ್ಷ ಒಂದೇ, ಎರಡನೆಯ ವರ್ಷದಿಂದ ದಾರಿ ಬೇರೆಯಾಗುತ್ತದೆ. ಲೀಡ್ ಬ್ಯಾಂಡ್‌ನಲ್ಲಿ 25 ಎಂದರೆ ತುದಿ ಮುಟ್ಟಿದ ಹಾಗೆ. ಬ್ಯಾಂಡ್‌ನ ತುದಿಯಲ್ಲಿರುವವರಿಗೆ ವಾರ್ಷಿಕ ಹೈಕ್ ಕಡಿಮೆ ಕೊಡುವುದು ಈ ಉದ್ಯಮದ ರೂಢಿ. ಮೇಲಿನ ಗ್ರೇಡ್‌ಗೆ ಬಡ್ತಿ ಬೇಕೆಂದರೆ ಇರುವ ಗ್ರೇಡ್‌ನಲ್ಲಿ ಇಂತಿಷ್ಟು ತಿಂಗಳು ಕಳೆದಿರಬೇಕು ಎಂಬ ನಿಯಮವಿರುತ್ತದೆ, ಆ ಎಣಿಕೆ ಮರುಸೇರ್ಪಡೆಯ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಅವಳ ಜೊತೆಗೇ ಸೇರಿ ಅಲ್ಲೇ ಉಳಿದವರು ಈ ಹೊತ್ತಿಗೆ ಎರಡು ಬಡ್ತಿ ಪಡೆದು ಮ್ಯಾನೇಜರ್ ಆಗಿದ್ದಾರೆ. ಇವಳು ಒಪ್ಪಿಕೊಂಡರೆ ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು, ಬ್ಯಾಂಡ್‌ನ ತುದಿಯಲ್ಲಿ ಸಿಕ್ಕಿಕೊಂಡಂತೆ.

ಕಂಪನಿ ಇವಳನ್ನು ಲೀಡ್ ಎಂದು ಎಣಿಸಿದ್ದಕ್ಕೆ ಕಾರಣ ಸರಳ. ಫೈಲ್‌ನಲ್ಲಿ ಸೀನಿಯರ್ ಇಂಜಿನಿಯರ್ ಎಂದಿದೆ, ಅದಕ್ಕೆ ಒಂದು ಮೆಟ್ಟಿಲು ಸೇರಿಸಿದರು. ಹೊರಗೆ ಮಾಡಿದ ಕೆಲಸ ಏನೆಂದು ಯಾರೂ ಅಳೆದು ನೋಡಿಲ್ಲ. "ಸಂದರ್ಶನ ಬೇಡ" ಎಂಬ ಸೌಜನ್ಯದ ಅಪಾಯ ಇರುವುದೇ ಇಲ್ಲಿ. ಸಂದರ್ಶನವಿಲ್ಲದಿದ್ದರೆ ಮೇಲಿನ ಗ್ರೇಡ್‌ಗೆ ತೂಗುತ್ತಾರೆ ಎಂದು ಬರೆದುಕೊಡುವ ಪ್ಯಾನೆಲ್ ಇರುವುದಿಲ್ಲ. ಆ ಬರಹವಿಲ್ಲದೆ ಎಚ್‌ಆರ್‌ಗೆ ಇಷ್ಟವಿದ್ದರೂ ಗ್ರೇಡ್ ಏರಿಸಲು ಆಧಾರವಿಲ್ಲ. ಹೀಗಾಗಿ ಸಂದರ್ಶನವನ್ನು ನೀವೇ ಕೇಳಿ ಪಡೆಯಬೇಕು, ಅದೂ ಮೇಲಿನ ಗ್ರೇಡ್‌ಗೆ ಎಂದು ಸ್ಪಷ್ಟವಾಗಿ ಹೇಳಿ. ಜೊತೆಗೆ ಒಂದು ಪುಟದ ಟಿಪ್ಪಣಿ ಇರಲಿ. ಎಷ್ಟು ಜನರ ತಂಡ, ಅವರ ಅಪ್ರೈಸಲ್ ಯಾರು ಮಾಡುತ್ತಿದ್ದರು, ಗ್ರಾಹಕರೊಂದಿಗೆ ನೇರ ಮಾತು ಯಾರದಿತ್ತು, ಬಿಡುಗಡೆಗೆ ಒಪ್ಪಿಗೆ ಕೊಡುವ ಅಧಿಕಾರ ಯಾರ ಕೈಲಿತ್ತು ಎಂಬಷ್ಟನ್ನು ಬರೆದರೆ ಸಾಕು. ಈಗಿನ ಕಂಪನಿಯ ಗ್ರಾಹಕರ ಹೆಸರು, ದಾಖಲೆ ಯಾವುದೂ ಅದರಲ್ಲಿ ಬರಬಾರದು.

ಎಚ್‌ಆರ್ ಬಾಯಲ್ಲಿ ಆಗ ಬರುವ ಮಾತು 'ಇಂಟರ್ನಲ್ ಪ್ಯಾರಿಟಿ'. ಒಳಗೇ ಇದ್ದು ದುಡಿದವರಿಗಿಂತ ಹೊರಗೆ ಹೋಗಿ ಬಂದವರನ್ನು ಮೇಲೆ ಕೂರಿಸಿದರೆ ಅಸಮಾಧಾನವಾಗುತ್ತದೆ ಎಂಬುದು ಅದರ ಅರ್ಥ. ನನಗೆ ಇದು ನ್ಯಾಯವಾದ ಆತಂಕವೆಂದೇ ತೋರುತ್ತದೆ, ಅದನ್ನು ತಳ್ಳಿಹಾಕಬಾರದು. ಆದರೆ ಅದೇ ಮಾತು ನಿಮ್ಮ ಪರವಾಗಿಯೂ ನಿಲ್ಲುತ್ತದೆ. "ನನ್ನ ಬ್ಯಾಚ್‌ನವರು ಈಗ ಯಾವ ಗ್ರೇಡ್‌ನಲ್ಲಿದ್ದಾರೋ ಅದಕ್ಕಿಂತ ಮೇಲೆ ಕೇಳ್ತಿಲ್ಲ ಮೇಡಂ, ಅದೇ ಗ್ರೇಡ್ ಕೇಳ್ತಿದ್ದೀನಿ. ಅಷ್ಟು ವರ್ಷದ ಕೆಲಸ ನಾನೂ ಮಾಡಿದ್ದೀನಿ, ಪ್ಯಾನೆಲ್ ನೋಡಲಿ" ಎಂದರೆ ಉತ್ತರಿಸುವ ಹೊಣೆ ಅವರದಾಗುತ್ತದೆ.

ಗ್ರೇಡ್‌ನ ಮಾತು ಸಂಬಳಕ್ಕಿಂತ ಮೊದಲು ಏಕೆ ಬರಬೇಕು ಎಂಬುದು ಲೆಕ್ಕ ಹಾಕಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಈಗಿನ ಕಂಪನಿಯ 23 ಲಕ್ಷದಲ್ಲಿ ವೇರಿಯಬಲ್ ಎಂಬುದಿಲ್ಲ. ಮೂಲವೇತನ ಅರ್ಧ, ಅಂದರೆ 11.5 ಲಕ್ಷ. ಕಂಪನಿಯ ಪಾಲಿನ ಪಿಎಫ್ ಅದರ ಶೇ. 12, ಸುಮಾರು 1.38 ಲಕ್ಷ. ಗ್ರಾಚ್ಯುಟಿಗೆಂದು ಶೇ. 4.81, ಸುಮಾರು 55 ಸಾವಿರ. ಇವೆರಡನ್ನೂ ಸಿಟಿಸಿಯೊಳಗೇ ಎಣಿಸುವುದರಿಂದ ಕಳೆಯಬೇಕು. ಉಳಿದದ್ದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 1 ಲಕ್ಷ 75 ಸಾವಿರ ಚಿಲ್ಲರೆ. ಅವಳದೇ ಪಾಲಿನ ಪಿಎಫ್, ತೆರಿಗೆ ಇನ್ನೂ ಇದರಿಂದ ಹೋಗಬೇಕು.

ಹಳೇ ಕಂಪನಿಯ 25 ಲಕ್ಷದಲ್ಲಿ ಶೇ. 15 ವೇರಿಯಬಲ್, ಅಂದರೆ 3.75 ಲಕ್ಷ. ಅದು ಕಂಪನಿಯ ಮತ್ತು ಅವಳ ಸಾಧನೆ ನೋಡಿಕೊಂಡು ಬರಬಹುದು, ಅರ್ಧ ಬರಬಹುದು. ಪಿಎಫ್ 1.5 ಲಕ್ಷ, ಗ್ರಾಚ್ಯುಟಿ ಸುಮಾರು 60 ಸಾವಿರ. ಎಲ್ಲ ಕಳೆದರೆ ಉಳಿಯುವುದು 19.15 ಲಕ್ಷ, ತಿಂಗಳಿಗೆ 1 ಲಕ್ಷ 60 ಸಾವಿರಕ್ಕೂ ತುಸು ಕಡಿಮೆ. ಎರಡು ಲಕ್ಷ ಹೆಚ್ಚು ಎಂದುಕೊಂಡ ಆಫರ್‌ನಲ್ಲಿ ತಿಂಗಳ ಖಾತೆಗೆ 16 ಸಾವಿರದಷ್ಟು ಕಡಿಮೆ ಬೀಳುತ್ತದೆ. ಮನೆ ಸಾಲದ ಕಂತು ಕಟ್ಟುವವರಿಗೆ ಇದು ಸಣ್ಣ ಮೊತ್ತವಲ್ಲ.

ಈಗ ಬರುತ್ತಿರುವಷ್ಟೇ ಹಣ ತಿಂಗಳಿಗೆ ಕೈಗೆ ಸಿಗಬೇಕಾದರೆ ಇದೇ ಲೆಕ್ಕದಲ್ಲಿ ಸಿಟಿಸಿ 27.5 ಲಕ್ಷ ಇರಬೇಕು. ಲೀಡ್ ಬ್ಯಾಂಡ್ ಮುಗಿಯುವುದೇ 26ಕ್ಕೆ. ಎಷ್ಟು ಚೌಕಾಸಿ ಮಾಡಿದರೂ ಆ ಗ್ರೇಡ್‌ನಲ್ಲಿ ಈ ಮೊತ್ತ ಕೊಡಲು ಎಚ್‌ಆರ್‌ಗೆ ಅಧಿಕಾರವಿಲ್ಲ. ಮ್ಯಾನೇಜರ್ ಗ್ರೇಡ್ ಆದರೆ 27.5 ಎಂಬುದು ಬ್ಯಾಂಡ್‌ನ ಕೆಳಗಿನ ಅರ್ಧದಲ್ಲೇ ಇದೆ, ಯಾರ ವಿಶೇಷ ಒಪ್ಪಿಗೆಯೂ ಬೇಕಾಗದಿರಬಹುದು. ಸಂಬಳ ಜಾಸ್ತಿ ಮಾಡಿ ಎಂದು ಅವಳು ಮೊದಲೇ ಹಿಡಿದಿದ್ದರೆ 26ಕ್ಕೆ ತಂದು ನಿಲ್ಲಿಸಿ, "ಇದೇ ಮ್ಯಾಕ್ಸಿಮಮ್" ಎಂದು ಕೈಚೆಲ್ಲುತ್ತಿದ್ದರು. ಅವರು ಹೇಳಿದ್ದು ನಿಜವೂ ಆಗಿರುತ್ತಿತ್ತು.

ಬ್ಯಾಂಡ್ ದಾಟಲಾಗದಿದ್ದಾಗ ಮುಂದಿಡುವ ಇನ್ನೊಂದು ಆಮಿಷ ಜಾಯಿನಿಂಗ್ ಬೋನಸ್. 2 ಲಕ್ಷ ಎಂದರೆ ಶೇ. 30ರ ತೆರಿಗೆ ಹಂತದಲ್ಲಿರುವವರಿಗೆ, ಸೆಸ್ ಸೇರಿ ಕಡಿತವಾಗಿ, ಖಾತೆಗೆ ಬರುವುದು 1 ಲಕ್ಷ 38 ಸಾವಿರದಷ್ಟು. ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಎಂಬ ಷರತ್ತು ಸಾಮಾನ್ಯ. ಹಲವು ಪತ್ರಗಳಲ್ಲಿ ಅದು ಪೂರ್ತಿ 2 ಲಕ್ಷ ಎಂದೇ ಇರುತ್ತದೆ. ಕೈಗೆ ಬಂದಷ್ಟೇ ವಾಪಸ್ ಕಟ್ಟುವಂತೆ, ಅಥವಾ ಉಳಿದ ತಿಂಗಳುಗಳಿಗೆ ಮಾತ್ರ ಲೆಕ್ಕ ಹಾಕುವಂತೆ ಬರೆಸಿಕೊಳ್ಳಲು ಕೇಳಬಹುದು. ಬೋನಸ್ ಒಂದು ಸಲ ಬಂದು ಹೋಗುತ್ತದೆ, ಮುಂದಿನ ವರ್ಷದ ಹೈಕ್‌ಗೆ ಅದು ಆಧಾರವಲ್ಲ ಎಂಬುದನ್ನೂ ಮರೆಯಬಾರದು.

ಹಳೇ ಸೇವೆಯನ್ನು ಎಣಿಸುವ ವಿಷಯದಲ್ಲಿ ಮರಳುವವರು ಹೆಚ್ಚಾಗಿ ತಪ್ಪು ತಿಳಿಯುವುದು ಗ್ರಾಚ್ಯುಟಿ ಬಗ್ಗೆ. ಕಾಯಂ ನೌಕರರು ರಾಜೀನಾಮೆ ಕೊಟ್ಟಾಗ ಗ್ರಾಚ್ಯುಟಿ ಸಿಗಬೇಕಾದರೆ ಐದು ವರ್ಷದ ಸತತ ಸೇವೆ ಬೇಕು. ಇವಳು ಮೊದಲ ಸಲ ಇದ್ದದ್ದು ನಾಲ್ಕು ವರ್ಷ ಏಳು ತಿಂಗಳು, ಆಗ ಏನೂ ಸಿಗಲಿಲ್ಲ. ಈಗ ಅದೇ ಕಂಪನಿಗೆ ಬಂದರೆ ಇನ್ನು ಐದು ತಿಂಗಳಿಗೆ ಐದು ವರ್ಷ ತುಂಬುತ್ತದೆ ಎಂದು ಅನಿಸುವುದು ಸಹಜ. ಹಾಗಾಗುವುದಿಲ್ಲ. ರಾಜೀನಾಮೆಯೊಂದಿಗೆ ಸೇವೆಯ ಕೊಂಡಿ ಕಳಚಿತು, ಹೊಸ ಐದು ವರ್ಷ ಹೊಸದಾಗಿ ಶುರು. ಕಾನೂನು ಹೇಳಿದ್ದಕ್ಕಿಂತ ಹೆಚ್ಚು ಕೊಡಲು ಕಂಪನಿಗೆ ಅಡ್ಡಿಯೇನಿಲ್ಲ. ಹಳೇ ಸೇವೆಯನ್ನೂ ಎಣಿಸುತ್ತೇವೆ ಎಂದು ಆಫರ್ ಲೆಟರ್‌ನಲ್ಲಿ ಬರೆದುಕೊಟ್ಟರೆ ಅದು ನಡೆಯುತ್ತದೆ. ಬಾಯಿಮಾತಿನ ಭರವಸೆಗೆ ಮಾತ್ರ ಇಲ್ಲಿ ಬೆಲೆಯಿಲ್ಲ. ಪಿಎಫ್‌ನ ರೀತಿ ಬೇರೆ. ಮೂರೂ ಅವಧಿಯ ಹಣ ಒಂದೇ ಯುಎಎನ್ ಅಡಿ ವರ್ಗಾವಣೆಯಾಗಿದ್ದರೆ, ಹಣ ತೆಗೆಯುವಾಗ ತೆರಿಗೆ ಬೀಳದಿರಲು ಬೇಕಾದ ಐದು ವರ್ಷದ ಲೆಕ್ಕಕ್ಕೆ ಎಲ್ಲ ಕಂಪನಿಗಳ ಸೇವೆಯೂ ಕೂಡುತ್ತದೆ. ಹಳೇ ಖಾತೆಯಲ್ಲಿ ಬಿಟ್ಟ ದಿನಾಂಕ ನಮೂದಾಗಿದೆಯೇ ಎಂದು ಇಪಿಎಫ್‌ಒ ಪೋರ್ಟಲ್‌ನಲ್ಲಿ ಈಗಲೇ ನೋಡಿಕೊಳ್ಳುವುದು ಕ್ಷೇಮ. ಅದು ಖಾಲಿ ಇದ್ದರೆ ವರ್ಗಾವಣೆ ಸಿಕ್ಕಿಬೀಳುತ್ತದೆ.

ಸೇರುವ ದಿನಾಂಕದ ಕಡೆಗೂ ಕಣ್ಣಿರಲಿ. ಏಪ್ರಿಲ್‌ನಲ್ಲಿ ಹೈಕ್ ಕೊಡುವ ಕಂಪನಿಗಳು ಹಿಂದಿನ ವರ್ಷದ ಒಂದು ಗಡುವಿನೊಳಗೆ ಸೇರಿದವರನ್ನು ಮಾತ್ರ ಆ ಸುತ್ತಿಗೆ ಪರಿಗಣಿಸುತ್ತವೆ. ಗಡುವು ಸೆಪ್ಟೆಂಬರ್ 30 ಆಗಿದ್ದು, ಇವಳು ಅಕ್ಟೋಬರ್ 6ಕ್ಕೆ ಸೇರಿದರೆ ಮೊದಲ ಹೈಕ್‌ಗೆ ಹದಿನೆಂಟು ತಿಂಗಳು ಕಾಯಬೇಕು. ಈಗಿನ ಕಂಪನಿಯ 90 ದಿನದ ನೋಟಿಸ್ ಹಿಂದಕ್ಕೆ ಎಣಿಸಿ, ಆ ಗಡುವಿನೊಳಗೆ ಸೇರಲು ಆಗುತ್ತದೆಯೇ ನೋಡಬೇಕು. ಆಗದಿದ್ದರೆ ಮುಂದಿನ ಏಪ್ರಿಲ್ ಸುತ್ತಿನಲ್ಲಿ ಭಾಗಶಃ ಹೈಕ್ ಕೊಡುವ ಮಾತನ್ನು ಬರಹದಲ್ಲಿ ಪಡೆಯಬೇಕು. ಪ್ರೊಬೇಷನ್ ಮತ್ತೆ ಇದೆಯೇ, ಯಾರಿಗೆ ರಿಪೋರ್ಟ್ ಮಾಡಬೇಕು ಎಂಬುದನ್ನೂ ಇದೇ ಮೇಲ್‌ನಲ್ಲಿ ಕೇಳಬಹುದು. ತಾನು ಕೆಲಸ ಕಲಿಸಿದ ಹುಡುಗನೇ ಈಗ ಮೇಲಧಿಕಾರಿ ಎಂದು ಮೊದಲ ದಿನ ಗೊತ್ತಾಗಿ ಮುಖ ಸಪ್ಪೆ ಮಾಡಿಕೊಂಡವರನ್ನು ನಾನು ಕಂಡಿದ್ದೇನೆ. ಮೊದಲೇ ತಿಳಿದಿದ್ದರೆ ಬಹುಪಾಲು ಜನ ಹೊಂದಿಕೊಳ್ಳುತ್ತಾರೆ. ಹೊಂದಿಕೊಳ್ಳಲಾಗದವರು ಬೇರೆ ತಂಡ ಕೇಳಲು ಅದೇ ಸರಿಯಾದ ಹೊತ್ತು.

ಇಷ್ಟೂ ಆಗುವವರೆಗೆ ಈಗಿನ ಕೆಲಸಕ್ಕೆ ಪೇಪರ್ ಹಾಕಬಾರದು. ಗ್ರೇಡ್, ಸಂಬಳದ ವಿಭಾಗ, ಸೇರುವ ದಿನ, ಮರುನೇಮಕಕ್ಕೆ ಮೇಲಿನವರ ಒಪ್ಪಿಗೆ ಸಿಕ್ಕಿದೆ ಎಂಬ ಸಾಲು ಇವೆಲ್ಲ ಇರುವ ಆಫರ್ ಲೆಟರ್ ಕೈಗೆ ಬಂದು, ಅದರಲ್ಲಿ "ಅನುಮೋದನೆಗೆ ಒಳಪಟ್ಟು" ಎಂಬ ಷರತ್ತು ಉಳಿದಿಲ್ಲವೆಂದು ಖಚಿತವಾದ ದಿನವೇ ರಾಜೀನಾಮೆಯ ಮೇಲ್ ಕಳಿಸಿದರೆ ಸಾಕು. ಈ ಸಲದ ನೋಟಿಸ್ ಅನ್ನು ಪೂರ್ತಿ ಮಾಡಿ, ಕೆಲಸವನ್ನು ಇನ್ನೊಬ್ಬರಿಗೆ ಸರಿಯಾಗಿ ಒಪ್ಪಿಸಿ ಹೊರಬೀಳಬೇಕು. ಈಗಿನ ಕಂಪನಿಯಲ್ಲೂ ಯಾರೋ ಕೂತು ಅವಳ ಹೆಸರಿನ ಮುಂದೆ ಆ ಮೂರರಲ್ಲಿ ಒಂದು ಉತ್ತರ ತುಂಬುತ್ತಾರೆ.